ಮರಳು, ಜಲ್ಲಿ, ಇಟ್ಟಿಗೆ: ಇಷ್ಟು ಟನ್‌ಗೆ ಎಷ್ಟು ಟ್ರಿಪ್ ಬೇಕು ಅಂತ ಲೆಕ್ಕ ಹಾಕೋದು ಹೇಗೆ

ಮಂಡ್ಯ ಮೈಸೂರು ಕಡೆ ಮನೆ ಕಟ್ಟೋರು ಬಹಳಷ್ಟು ಜನ ಸಾಮಾನು ತರಿಸೋದು ಲೋಡ್ ಲೆಕ್ಕದಲ್ಲಿ. "ಎರಡು ಲೋಡ್ ಎಂ-ಸ್ಯಾಂಡ್ ಹಾಕ್ಸಿ, ಒಂದು ಲೋಡ್ ಜಲ್ಲಿ ಸಾಕು" ಅಂತ ಮೇಸ್ತ್ರಿ ಹೇಳ್ತಾರೆ, ಓನರ್ ಫೋನ್ ಮಾಡಿ ತರಿಸ್ತಾರೆ, ಯಾವ ಗಾಡಿ ಬಂತು ಅದ್ರಲ್ಲಿ ಎಷ್ಟು ಟನ್ ಇತ್ತು ಅಂತ ಯಾರೂ ಕೇಳಲ್ಲ. ಆದ್ರೆ ಎಂಜಿನಿಯರ್ ಕೊಡೋ ಎಸ್ಟಿಮೇಟ್, ಕ್ರಷರ್‌ನವರು ಕೊಡೋ ಬಿಲ್ಲು, ಗಣಿ ಇಲಾಖೆ ಪರ್ಮಿಟ್ಟು ಎಲ್ಲಾ ಇರೋದು ಟನ್‌ನಲ್ಲಿ. ಹಂಗಾಗಿ ಒಟ್ಟು ತೂಕ ಗೊತ್ತಿದ್ದಾಗ ಅದನ್ನ ಟ್ರಿಪ್‌ಗೆ ಇಳಿಸೋದು ಹೇಗೆ ಅಂತ ಇಲ್ಲಿ ಒಂದು ಕೇಸ್ ಹಿಡ್ಕೊಂಡು ಪೂರ್ತಿ ಬರ್ದಿದ್ದೀನಿ. ಎಷ್ಟು ಮರಳು ಬೇಕು ಅನ್ನೋ ಎಸ್ಟಿಮೇಟ್ ಬೇರೆ ವಿಷಯ, ಅದಕ್ಕೆ ಕೈ ಹಾಕಲ್ಲ, ತೂಕ ಕೈಯಲ್ಲಿದೆ ಅಂತ್ಲೇ ಶುರು ಮಾಡೋಣ.

ಕೇಸ್ ಇದು. ಮಂಡ್ಯ ತಾಲ್ಲೂಕಲ್ಲಿ ವಿ.ಸಿ. ನಾಲೆ ಬಯಲಿನ ಒಂದು ಊರು, ಮೇನ್ ರೋಡಿಂದ ಸುಮಾರು 3 ಕಿಲೋಮೀಟರ್ ಒಳಗೆ. ಮಧ್ಯೆ ಕಿರುನಾಲೆ ಮೇಲೆ ಒಂದು ಹಳೇ ಮೋರಿ. ಬೇಕಾಗಿರೋದು ಎಂ-ಸ್ಯಾಂಡ್ 58 ಟನ್, 20 ಎಂಎಂ ಜಲ್ಲಿ 40 ಟನ್, ಇಟ್ಟಿಗೆ 12,000.

ಮೊದಲು ಗಾಡಿಯ ಆರ್‌ಸಿ ನೋಡಿ

ಗಾಡಿ ಎಷ್ಟು ತೂಕ ಹೊರಬಹುದು ಅಂತ ಡ್ರೈವರ್‌ನ ಕೇಳಿದ್ರೆ ಅವರು ಹೇಳೋದು ಗಾಡಿ ಎಷ್ಟು ಎಳೀತದೆ ಅಂತ, ಕಾಯ್ದೆ ಪ್ರಕಾರ ಎಷ್ಟು ಹಾಕಬಹುದು ಅನ್ನೋದಲ್ಲ. ಇವೆರಡಕ್ಕೂ ಬಹಳ ವ್ಯತ್ಯಾಸ ಇರ್ತದೆ. ಅದಕ್ಕೆ "ಅಣ್ಣ, ಆರ್‌ಸಿ ಒಂದು ಫೋಟೋ ತೆಗ್ದು ಕಳಿಸ್ತೀರಾ" ಅಂತ ಕೇಳಿ, ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಅದ್ರಲ್ಲಿ ಎರಡು ಅಂಕಿ ಇರ್ತವೆ, ಒಂದು ಖಾಲಿ ಗಾಡಿ ತೂಕ ಅಂದ್ರೆ ಅನ್‌ಲೇಡನ್ ವೇಯ್ಟ್, ಇನ್ನೊಂದು ಸಾಮಾನು ಸೇರಿ ಇರಬಹುದಾದ ಗರಿಷ್ಠ ತೂಕ ಅಂದ್ರೆ ಗ್ರಾಸ್ ವೇಯ್ಟ್. ದೊಡ್ಡದ್ರಲ್ಲಿ ಚಿಕ್ಕದು ಕಳೆದ್ರೆ ಬರೋದೇ ಒಂದು ಟ್ರಿಪ್‌ಗೆ ಹಾಕಬಹುದಾದ ಸಾಮಾನು.

ನಮ್ಮ ಕೇಸಲ್ಲಿ ಸಿಕ್ಕಿರೋ ಆರು ಚಕ್ರದ ಟಿಪ್ಪರ್ ಸ್ವಲ್ಪ ಹಳೇದು ಅಂತ ಇಟ್ಕೊಳ್ಳಿ, ಆರ್‌ಸಿಯಲ್ಲಿ ಗ್ರಾಸ್ 16,200 ಕೆಜಿ, ಖಾಲಿ 6,400 ಕೆಜಿ. ಕಳೆದ್ರೆ 9,800 ಕೆಜಿ. ಅದೇ ಸೈಜಿನ ಹೊಸ ಟಿಪ್ಪರ್‌ಗೆ ಇನ್ನೂ ಜಾಸ್ತಿ ಬರ್ತದೆ, ಯಾಕಂದ್ರೆ 2018ರಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಲೋಡ್ ಮಿತಿ ಏರಿಸ್ತು. ಹಂಗಾಗಿ ನೋಡೋಕೆ ಒಂದೇ ತರ ಇರೋ ಎರಡು ಗಾಡಿಗೆ ಎರಡು ಅಂಕಿ ಇರಬಹುದು, ಪಕ್ಕದ ಮನೆಗೆ ಬಂದ ಗಾಡಿ ಲೆಕ್ಕ ನಿಮ್ಮ ಗಾಡಿಗೆ ಹಾಕ್ಬೇಡಿ.

ಟ್ರ್ಯಾಕ್ಟರ್ ಆದ್ರೆ ಎಂಜಿನ್ ಆರ್‌ಸಿ ಅಲ್ಲ, ಟ್ರೈಲರ್ ಆರ್‌ಸಿ ನೋಡ್ಬೇಕು. ಟ್ರೈಲರ್‌ಗೆ ಬೇರೆ ನಂಬರ್ರು ಬೇರೆ ಆರ್‌ಸಿ ಇರ್ತದೆ. "ನಮ್ದು ಐವತ್ತು ಎಚ್‌ಪಿ ಸಾರ್, ಎಷ್ಟು ಬೇಕಾದ್ರೂ ಎಳೀತದೆ" ಅಂತಾರೆ, ನಿಜಾನೇ, ಎಂಜಿನ್ ಎಳೀತದೆ, ಆದ್ರೆ ಟ್ರೈಲರ್‌ನ ಆಕ್ಸಲ್ಲು ಟೈರು ತಡೀಬೇಕಲ್ಲ. ಅದಕ್ಕಿಂತ ಮುಖ್ಯ ಅಂದ್ರೆ ನಮ್ಮ ಕಡೆ ಬಹಳ ಟ್ರೈಲರ್‌ಗಳಿಗೆ ಬ್ರೇಕೇ ಇರಲ್ಲ, ನಿಲ್ಲಿಸೋ ಕೆಲಸ ಪೂರ್ತಿ ಟ್ರ್ಯಾಕ್ಟರ್ ಮೇಲೇ ಬೀಳ್ತದೆ, ನಾಲೆ ಏರಿಯಿಂದ ಇಳಿಜಾರಲ್ಲಿ ಇಳಿಯೋವಾಗ ಹಿಂದಿನ ಭಾರ ಟ್ರ್ಯಾಕ್ಟರನ್ನ ಮುಂದಕ್ಕೆ ದಬ್ತದೆ. ನಮ್ಮ ಕೇಸಿನ ಟ್ರೈಲರ್‌ದು ಗ್ರಾಸ್ 5,400, ಖಾಲಿ 1,400, ಅಂದ್ರೆ 4,000 ಕೆಜಿ ಹಾಕಬಹುದು.

ಓವರ್‌ಲೋಡ್ ಮಾಡಿದ್ರೆ ಟ್ರಿಪ್ ಉಳೀತದಲ್ಲ ಅನ್ನೋರಿಗೆ ಒಂದು ಮಾತು. ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ 2019ರ ತಿದ್ದುಪಡಿ ಆದ್ಮೇಲೆ ಹೇಳೋದು ಹೀಗೆ: ಓವರ್‌ಲೋಡ್‌ಗೆ 20,000 ರೂಪಾಯಿ, ಅದರ ಮೇಲೆ ಜಾಸ್ತಿ ಇರೋ ಪ್ರತಿ ಟನ್‌ಗೆ 2,000, ಜೊತೆಗೆ ಜಾಸ್ತಿ ಸಾಮಾನು ಇಳಿಸಿದ ಮೇಲೇ ಗಾಡಿ ಮುಂದಕ್ಕೆ ಹೋಗ್ಬೇಕು. ಒಂದು ಟ್ರಿಪ್ ಬಾಡಿಗೆ ಉಳಿಸೋಕೆ ಹೋಗಿ ಇದನ್ನ ಮೈಮೇಲೆ ಎಳ್ಕೊಳ್ಳೋದು ಯಾವ ಲೆಕ್ಕಕ್ಕೂ ಕೂರಲ್ಲ.

ಆಮೇಲೆ ಟೇಪ್ ಹಿಡ್ದು ಬಾಡಿ ಅಳೀರಿ

ತೂಕದ ಮಿತಿ ಒಂದು ಕಡೆ ಆಯ್ತು, ಇನ್ನೊಂದು ಮಿತಿ ಜಾಗ. ಬಾಡಿ ಒಳಗಿನ ಉದ್ದ, ಅಗಲ, ಎತ್ತರ ಅಡಿಯಲ್ಲಿ ಅಳೆದು ಗುಣಿಸಿದ್ರೆ ಸಿಎಫ್‌ಟಿ ಬರ್ತದೆ. ಒಳಗಡೆಯಿಂದಲೇ ಅಳೀಬೇಕು, ಹೊರಗಡೆಯಿಂದ ಅಳೆದ್ರೆ ಹಲಗೆ, ತಗಡು, ಪಟ್ಟಿ ಎಲ್ಲಾ ಸೇರ್ಕೊಂಡು ಲೆಕ್ಕ ಊದ್ಕೊಳ್ತದೆ. ನಮ್ಮ ಟಿಪ್ಪರ್ 12 ಅಡಿ ಉದ್ದ, 7 ಅಡಿ ಅಗಲ, 3 ಅಡಿ ಎತ್ತರ, ಅಂದ್ರೆ 252 ಸಿಎಫ್‌ಟಿ. ಟ್ರೈಲರ್ 10 ಅಡಿ, ಐದೂವರೆ ಅಡಿ, ಒಂದೂವರೆ ಅಡಿ, ಅಂದ್ರೆ 82.5 ಸಿಎಫ್‌ಟಿ.

ಹಲಗೆ ಮೇಲೆ ಗೋಪುರ ಮಾಡಿ ತುಂಬಿಸ್ತಾರಲ್ಲ, ಅದನ್ನ ಲೆಕ್ಕಕ್ಕೆ ತಗೋಬೇಡಿ. ದಾರೀಲಿ ಉದುರ್ತದೆ, ಹಿಂದೆ ಬರೋ ಬೈಕಿನವರ ಕಣ್ಣಿಗೆ ಮರಳು ಹೋಗ್ತದೆ, ಟಾರ್ಪಲ್ ಕಟ್ಟೋಕೂ ಆಗಲ್ಲ.

ಒಂದು ಸಿಎಫ್‌ಟಿ ಎಷ್ಟು ಕೆಜಿ ತೂಗ್ತದೆ

ಇದನ್ನ ಪುಸ್ತಕದಿಂದ ತಗೊಳ್ಳೋದಕ್ಕಿಂತ ನೀವು ತರಿಸೋ ಸಾಮಾನಲ್ಲೇ ನೋಡೋದು ಒಳ್ಳೇದು, ಯಾಕಂದ್ರೆ ಕ್ರಷರ್ ಕ್ರಷರ್‌ಗೂ ಸ್ವಲ್ಪ ಸ್ವಲ್ಪ ಬೇರೆ ಆಗ್ತದೆ. ಒಂದು ಖಾಲಿ ಪೇಂಟ್ ಬಕೆಟ್ ಸಾಕು. ಮೊದಲು ಬಕೆಟ್ ಖಾಲಿ ತೂಕ ನೋಡ್ಕೊಳ್ಳಿ, ಆಮೇಲೆ ಬಾಯಿ ಮಟ್ಟ ನೀರು ತುಂಬಿ ತೂಗಿ. ನೀರು ಒಂದು ಲೀಟರ್ ಒಂದು ಕೆಜಿ, ಹಂಗಾಗಿ ನೀರಿನ ತೂಕ 20 ಕೆಜಿ ಬಂದ್ರೆ ಬಕೆಟ್ 20 ಲೀಟರ್‌ದು ಅಂತ ಖಾತ್ರಿ ಆಯ್ತು, ಮೇಲೆ ಬರ್ದಿರೋದನ್ನ ನಂಬೋದು ಬೇಡ. ನೀರು ಚೆಲ್ಲಿ ಒರೆಸಿ, ಮರಳನ್ನ ಸಲಿಕೆಯಲ್ಲಿ ಮೇಲಿಂದ ಸಡಿಲವಾಗಿ ಹಾಕಿ, ಕುಟ್ಟಬೇಡಿ, ಮೇಲೆ ಒಂದು ಪಟ್ಟಿಯಿಂದ ಸವರಿ ತೂಗಿ. ಮರಳು ಮಾತ್ರ 34 ಕೆಜಿ ಬಂತು ಅಂದ್ಕೊಳ್ಳಿ, 20ರಿಂದ ಭಾಗಿಸಿದ್ರೆ ಲೀಟರ್‌ಗೆ 1.7 ಕೆಜಿ. ಒಂದು ಸಿಎಫ್‌ಟಿ ಅಂದ್ರೆ 28.3 ಲೀಟರ್, ಗುಣಿಸಿದ್ರೆ 48 ಕೆಜಿ.

ನಮ್ಮ ಕೇಸಿಗೆ ಎಂ-ಸ್ಯಾಂಡ್ 48 ಕೆಜಿ, 20 ಎಂಎಂ ಜಲ್ಲಿ 42 ಕೆಜಿ ಅಂತ ಹಿಡಿಯೋಣ. ಜಲ್ಲಿ ಕಲ್ಲೇ ಆದ್ರೂ ಒಂದು ಸಿಎಫ್‌ಟಿಗೆ ತೂಕ ಕಮ್ಮಿ ಬರೋದು ಕಲ್ಲಿನ ಮಧ್ಯೆ ಸಂದು ಜಾಸ್ತಿ ಇರೋದ್ರಿಂದ.

ಇಟ್ಟಿಗೆಗೆ ಬಕೆಟ್ ಬೇಡ. ಗೂಡಿನಲ್ಲಿ ಹತ್ತು ಇಟ್ಟಿಗೆ ಬೇರೆ ಬೇರೆ ಜಾಗದಿಂದ ಎತ್ತಿ ಒಟ್ಟಿಗೆ ತೂಗಿ, ಹತ್ತರಿಂದ ಭಾಗಿಸಿ. 30.5 ಕೆಜಿ ಬಂದ್ರೆ ಒಂದಕ್ಕೆ 3.05 ಕೆಜಿ, 12,000 ಇಟ್ಟಿಗೆ ಅಂದ್ರೆ 36,600 ಕೆಜಿ ಆಯ್ತು. ಮಳೆಗೆ ನೆಂದ ಇಟ್ಟಿಗೆ ನೀರು ಕುಡ್ದು ಭಾರ ಆಗಿರ್ತದೆ, ಮಳೆಗಾಲದಲ್ಲಿ ತರಿಸೋದಾದ್ರೆ ಅವತ್ತೇ ತೂಗಿ ನೋಡಿ.

ಈಗ ಎರಡು ಮಿತಿಯಲ್ಲಿ ಯಾವುದು ಮೊದಲು ಮುಗೀತದೆ ನೋಡೋಣ

ಲೆಕ್ಕದ ತಿರುಳು ಇರೋದು ಇಲ್ಲೇ. ಟಿಪ್ಪರ್ ಪೂರ್ತಿ ಎಂ-ಸ್ಯಾಂಡ್ ತುಂಬಿದ್ರೆ 252 × 48, ಅಂದ್ರೆ 12,096 ಕೆಜಿ ಆಗ್ತದೆ. ಹಾಕಬಹುದಾದ್ದು 9,800. ಹಂಗಾದ್ರೆ ಜಾಗ ಖಾಲಿ ಇರುವಾಗಲೇ ತೂಕ ಮುಗ್ದುಹೋಯ್ತು, ಪೂರ್ತಿ ತುಂಬಿದ್ರೆ ಎರಡು ಟನ್‌ಗೂ ಮೇಲೆ ಓವರ್‌ಲೋಡು. ಎಷ್ಟು ಎತ್ತರಕ್ಕೆ ನಿಲ್ಲಿಸ್ಬೇಕು ಅಂದ್ರೆ, 9,800ನ್ನ 48ರಿಂದ ಭಾಗಿಸಿದ್ರೆ 204 ಸಿಎಫ್‌ಟಿ, ಅದನ್ನ ತಳದ 84 ಚದರಡಿಯಿಂದ ಭಾಗಿಸಿದ್ರೆ 2.43 ಅಡಿ, ಹೆಚ್ಚುಕಮ್ಮಿ ಎರಡಡಿ ಐದಿಂಚು. ಬಾಡಿ ಒಳಗೆ ಆ ಎತ್ತರಕ್ಕೆ ನಾಲ್ಕೂ ಮೂಲೆಯಲ್ಲಿ ಚಾಕ್‌ಪೀಸಲ್ಲಿ ಗೆರೆ ಹಾಕಿಸ್ಬಿಡಿ, ಲೋಡರ್ ಆಪರೇಟರ್‌ಗೆ ಅದು ಕಾಣ್ತದೆ, ವೇಬ್ರಿಡ್ಜ್‌ಗೆ ಹೋಗಿ ಜಾಸ್ತಿ ಆಯ್ತು ಅಂತ ವಾಪಸ್ ಬಂದು ತೆಗೆಸೋ ತಾಪತ್ರಯ ಇರಲ್ಲ. ಜಲ್ಲಿಗೆ ಅದೇ ಲೆಕ್ಕ ಹಾಕಿದ್ರೆ ಎರಡಡಿ ಒಂಬತ್ತಿಂಚಿಗೆ ಬರ್ತದೆ.

ಟ್ರೈಲರ್‌ನಲ್ಲಿ ಕಥೆ ಬೇರೆ. 82.5 × 48 ಅಂದ್ರೆ 3,960 ಕೆಜಿ, ಮಿತಿ 4,000, ಅಂದ್ರೆ ಎಂ-ಸ್ಯಾಂಡಿಗೆ ಜಾಗ ತೂಕ ಎರಡೂ ಒಟ್ಟಿಗೇ ಮುಗೀತವೆ. ಜಲ್ಲಿಗೆ 82.5 × 42, ಬರೋದು 3,465 ಕೆಜಿ ಮಾತ್ರ, ಇಲ್ಲಿ ತೂಕ ಇನ್ನೂ ಬಾಕಿ ಇರ್ತದೆ ಆದ್ರೆ ಜಾಗ ಮುಗ್ದಿರ್ತದೆ. "ನಾಲ್ಕು ಟನ್ ಟ್ರೈಲರ್ರು, 40 ಟನ್ ಜಲ್ಲಿ, ಹತ್ತು ಟ್ರಿಪ್" ಅಂತ ಬಾಯಲ್ಲಿ ಲೆಕ್ಕ ಹಾಕಿದವರಿಗೆ ಕೊನೇಲಿ ಜಲ್ಲಿ ಉಳ್ಕೊಳ್ಳೋದು ಇದೇ ಕಾರಣಕ್ಕೆ.

ಹಂಗಾಗಿ ನಿಯಮ ಇಷ್ಟೇ: ತೂಕದ ಮಿತಿ ಮತ್ತೆ ಜಾಗಕ್ಕೆ ಹಿಡಿಸೋ ತೂಕ, ಎರಡ್ರಲ್ಲಿ ಯಾವುದು ಕಮ್ಮಿನೋ ಅದು ಒಂದು ಟ್ರಿಪ್. ಒಟ್ಟು ತೂಕವನ್ನ ಅದ್ರಿಂದ ಭಾಗಿಸಿ, ಬಂದ ಉತ್ತರದಲ್ಲಿ ದಶಾಂಶ ಏನಿದ್ರೂ ಮೇಲಕ್ಕೇ ಏರಿಸಿ. 5.1 ಬಂದ್ರೂ 6, 5.9 ಬಂದ್ರೂ 6. ಫೋನಲ್ಲಿ ಶೀಟ್ ಬಳಸೋರಿಗೆ ಇದು ಒಂದೇ ಸಾಲಲ್ಲಿ ಆಗ್ತದೆ:

```
=ROUNDUP(A2/MIN(B2,C2*D2),0)
```

A2ನಲ್ಲಿ ಒಟ್ಟು ಕೆಜಿ, B2ನಲ್ಲಿ ಆರ್‌ಸಿ ಪ್ರಕಾರ ಹಾಕಬಹುದಾದ ಕೆಜಿ, C2ನಲ್ಲಿ ಬಾಡಿ ಸಿಎಫ್‌ಟಿ, D2ನಲ್ಲಿ ಒಂದು ಸಿಎಫ್‌ಟಿಗೆ ಎಷ್ಟು ಕೆಜಿ.

ಆರು ಚಕ್ರದ ಟಿಪ್ಪರ್‌ಗೆ ಹಾಕಿ ನೋಡಿ. ಎಂ-ಸ್ಯಾಂಡ್ 58,000 ÷ 9,800, ಬರೋದು 5.92, ಅಂದ್ರೆ 6 ಟ್ರಿಪ್. ಐದು ಟ್ರಿಪ್ ಫುಲ್ ಹಾಕಿ ಆರನೇದು ಸ್ವಲ್ಪ ಕಮ್ಮಿ ತರೋದಕ್ಕಿಂತ ಆರಕ್ಕೂ ಸಮ ಹಂಚಿ 9,670 ಕೆಜಿ ಅಂತ ಹೇಳಿ, ವೇಬ್ರಿಡ್ಜ್‌ನಲ್ಲಿ ನೂರು ಕೆಜಿ ಏರುಪೇರಾದ್ರೂ ಮಿತಿ ಒಳಗೇ ಇರ್ತೀರ.

ಜಲ್ಲಿ 40,000 ÷ 9,800, ಬರೋದು 4.08. ಇಂಥ ಉತ್ತರ ಬಂದಾಗ ಸ್ವಲ್ಪ ನಿಂತು ಯೋಚನೆ ಮಾಡ್ಬೇಕು. ಲೆಕ್ಕ 5 ಟ್ರಿಪ್ ಅನ್ನತ್ತೆ, ಆದ್ರೆ ಐದನೇ ಗಾಡಿಯಲ್ಲಿ ಬರೋದು ಬರೀ 800 ಕೆಜಿ, ಬಾಡಿಗೆ ಮಾತ್ರ ಪೂರ್ತಿ. ಡ್ರೈವರ್ ಹೇಳೋದು "ಒಂದೊಂದಕ್ಕೆ ಇನ್ನೂರಿನ್ನೂರು ಜಾಸ್ತಿ ಹಾಕ್ಕೊಂಡು ನಾಲ್ಕರಲ್ಲೇ ಮುಗಿಸ್ತೀನಿ ಬಿಡಿ ಸಾರ್" ಅಂತ, ಅದು ಬೇಡ. ನಾಲ್ಕು ಟ್ರಿಪ್ ಟಿಪ್ಪರ್‌ನಲ್ಲಿ ತಂದು, ಉಳಿದ 800 ಕೆಜಿನ ಹತ್ತಿರದ ಅಂಗಡಿಯಿಂದ ಟ್ರ್ಯಾಕ್ಟರ್‌ನಲ್ಲಿ ತರಿಸಿ, ಇಲ್ಲ ಅಂದ್ರೆ ಮುಂದಿನ ಕೆಲಸಕ್ಕೆ ಜಲ್ಲಿ ಬೇಕಾಗೋವಾಗ ಅದ್ರ ಜೊತೆ ಸೇರಿಸಿ. ಆದ್ರೆ ಮೋಲ್ಡ್ ಹಾಕೋ ದಿನಕ್ಕೆ ಬೇಕಾಗಿರೋ ಜಲ್ಲಿ ಆದ್ರೆ ಈ ಉಳಿತಾಯ ಮಾಡೋಕೆ ಹೋಗ್ಬೇಡಿ, ಕಾಂಕ್ರೀಟ್ ಅರ್ಧಕ್ಕೆ ನಿಂತ್ರೆ ಅಲ್ಲಿ ಜಾಯಿಂಟ್ ಬೀಳ್ತದೆ, 800 ಕೆಜಿಗೆ ಆ ಅಪಾಯ ಯಾಕೆ, ಐದನೇ ಟ್ರಿಪ್ ಕರ್ಸಿಬಿಡಿ.

ಒದ್ದೆ ಮರಳು ಒಂದು ಟ್ರಿಪ್ ಜಾಸ್ತಿ ಮಾಡ್ತದೆ

ಮೇಲೆ ಎಂ-ಸ್ಯಾಂಡಿಗೆ 6 ಟ್ರಿಪ್ ಅಂದೆವು, ಅದು ಒಣ ಮರಳಾದ್ರೆ ಸರಿ. ತೊಳೆದ ಎಂ-ಸ್ಯಾಂಡ್ ನೋಡಿ, ಕ್ರಷರ್‌ನಿಂದ ಬರೋವಾಗ ಬಾಡಿ ಸಂದಿಯಿಂದ ನೀರು ತೊಟ್ಟಿಕ್ತಾ ಬರ್ತದೆ, ಆ ನೀರೂ ವೇಬ್ರಿಡ್ಜ್‌ನಲ್ಲಿ ತೂಗ್ತದೆ. ಎಸ್ಟಿಮೇಟ್‌ನಲ್ಲಿರೋ 58 ಟನ್ ಒಣ ಮರಳಿನ ಲೆಕ್ಕವೋ ಒದ್ದೇದೋ ಅಂತ ಎಂಜಿನಿಯರ್‌ನ ಒಂದು ಮಾತು ಕೇಳ್ಕೊಳ್ಳಿ, ಸಾಮಾನ್ಯವಾಗಿ ಒಣದ್ದೇ ಇರ್ತದೆ.

ಎಷ್ಟು ನೀರಿದೆ ಅಂತ ನೋಡೋಕೆ ರಾಶಿಯ ಮೇಲಿನ ಒಣ ಪದರ ಸರಿಸಿ ಒಳಗಿಂದ ಸರಿಯಾಗಿ 1 ಕೆಜಿ ಮರಳು ತಗೊಳ್ಳಿ, ಹಳೇ ಬಾಣಲೆಯಲ್ಲಿ ಹಾಕಿ ಸ್ಟವ್ ಮೇಲೆ ಕೈಯಾಡಿಸ್ತಾ ಹುರೀರಿ. ಹಬೆ ನಿಂತು, ಮರಳು ಅಂಟದೆ ಪುಡಿಪುಡಿಯಾಗಿ ಉದುರೋ ಹಂಗೆ ಆದ್ಮೇಲೆ ಆರಿಸಿ ಮತ್ತೆ ತೂಗಿ. 943 ಗ್ರಾಂ ಬಂತು ಅಂದ್ರೆ 57 ಗ್ರಾಂ ನೀರು, 57ನ್ನ 943ರಿಂದ ಭಾಗಿಸಿದ್ರೆ ನೂರಕ್ಕೆ 6. ಒಣ ಮರಳು 58 ಟನ್ ಬೇಕು ಅಂದ್ರೆ ಈಗ ತರಿಸ್ಬೇಕಾಗಿರೋದು 58 × 1.06, ಸುಮಾರು 61.5 ಟನ್. ಅದನ್ನ 9.8ರಿಂದ ಭಾಗಿಸಿ, 6.27. ಆರು ಟ್ರಿಪ್ ಹೋಗಿ ಏಳಾಯ್ತು. ಕೊನೆ ಗಾಡಿ ಬಂದ್ಮೇಲೂ ಪ್ಲಾಸ್ಟರಿಂಗ್‌ಗೆ ಮರಳು ಸಾಲಲಿಲ್ಲ ಅಂತ ಕ್ರಷರ್‌ನವರ ಮೇಲೆ ಅನುಮಾನ ಪಡೋ ಎಷ್ಟೋ ಕಡೆ ನಿಜವಾಗಿ ಆಗಿರೋದು ಇದು, ಸ್ಲಿಪ್ಪಲ್ಲಿ ತೂಕ ಸರಿಯಾಗೇ ಇರ್ತದೆ, ಅದ್ರಲ್ಲಿ ಮೂರು ಟನ್ ನೀರಿರ್ತದೆ.

ತೂಕದ ಬದಲು ಸಿಎಫ್‌ಟಿ ಲೆಕ್ಕದಲ್ಲಿ ಕೊಳ್ಳೋರಿಗೆ ಒದ್ದೆ ಮರಳು ಇನ್ನೊಂದು ರೀತಿ ತೊಂದರೆ ಕೊಡ್ತದೆ. ಸ್ವಲ್ಪ ತೇವ ಇದ್ದಾಗ ಕಾಳುಗಳ ಸುತ್ತ ನೀರಿನ ಪದರ ಕೂತು ಒಂದನ್ನೊಂದು ದೂರ ತಳ್ತದೆ, ಮರಳು ಉಬ್ಬಿ ಜಾಸ್ತಿ ಜಾಗ ಹಿಡೀತದೆ. ನೋಡೋದು ಸುಲಭ: ನೇರ ಗೋಡೆಯ ಒಂದು ಗಾಜಿನ ಜಾಡಿಗೆ ತೇವದ ಮರಳನ್ನ 20 ಸೆಂಟಿಮೀಟರ್ ಎತ್ತರಕ್ಕೆ ಸಡಿಲವಾಗಿ ತುಂಬಿ, ಆಮೇಲೆ ಅದನ್ನ ಬೇರೆ ಪಾತ್ರೆಗೆ ಸುರಿದು, ಜಾಡಿಗೆ ಅರ್ಧ ನೀರು ಹಾಕಿ, ಮರಳನ್ನ ನಿಧಾನಕ್ಕೆ ವಾಪಸ್ ಹಾಕ್ತಾ ಕಡ್ಡಿಯಲ್ಲಿ ಕಲಕಿ. ನೀರಲ್ಲಿ ಪೂರ್ತಿ ಮುಳುಗಿದ ಮರಳು ಒಣ ಮರಳಿನಷ್ಟೇ ಜಾಗಕ್ಕೆ ಕೂರ್ತದೆ. 16 ಸೆಂಟಿಮೀಟರ್‌ಗೆ ಇಳೀತು ಅಂದ್ರೆ, 16 ಇರಬೇಕಾಗಿದ್ದು ಉಬ್ಬಿ 20 ಆಗಿತ್ತು, ನೂರು ಸಿಎಫ್‌ಟಿಗೆ ದುಡ್ಡು ಕೊಟ್ರೆ ಸಿಕ್ಕಿರೋದು ಎಂಬತ್ತು. ಟ್ರೈಲರ್ ಲೆಕ್ಕದಲ್ಲೂ ಇದು ಬರ್ತದೆ, ಉಬ್ಬಿದ ಮರಳು ಒಂದು ಸಿಎಫ್‌ಟಿಗೆ ಕಮ್ಮಿ ತೂಗ್ತದೆ, ಹಂಗಾಗಿ ಬಕೆಟ್ ತೂಕ ತಗೊಳ್ಳೋವಾಗ ಮರಳು ಯಾವ ಸ್ಥಿತಿಯಲ್ಲಿ ಬರ್ತದೋ ಅದೇ ಸ್ಥಿತಿಯಲ್ಲಿ ತೂಗ್ಬೇಕು. ನಮ್ಮ 48 ಕೆಜಿ ಹಂಗೆ ಬಂದ ಸ್ಥಿತಿಯಲ್ಲೇ ತೂಗಿದ್ದು ಅಂತ ಇಟ್ಕೊಳ್ಳಿ.

ಇಟ್ಟಿಗೆ ಲೆಕ್ಕ

ಇಟ್ಟಿಗೆಗೂ ಎರಡು ಮಿತಿ ಇದಾವೆ. 9 ಇಂಚು, 4 ಇಂಚು, 3 ಇಂಚು ಸೈಜಿನ ಇಟ್ಟಿಗೆ ಸಂದಿಲ್ಲದೆ ಜೋಡಿಸಿದ್ರೆ ಒಂದು ಸಿಎಫ್‌ಟಿಗೆ 16 ಕೂರ್ತವೆ, ಕೆಲಸದವರು ಕೈಯಲ್ಲಿ ಜೋಡಿಸೋವಾಗ 14 ಹಿಡೀರಿ ಸಾಕು. ಟಿಪ್ಪರ್‌ಗೆ ತೂಕದ ಪ್ರಕಾರ 9,800 ÷ 3.05, ಸುಮಾರು 3,200 ಇಟ್ಟಿಗೆ. ಜಾಗದ ಪ್ರಕಾರ 252 × 14, ಮೂರೂವರೆ ಸಾವಿರ. ಕಮ್ಮಿ ಇರೋದು 3,200, ಹಂಗಾಗಿ 12,000ಕ್ಕೆ 3.75, ನಾಲ್ಕು ಟ್ರಿಪ್, ಮೂರ್ಮೂರು ಸಾವಿರ ಹಾಕಿಸಿದ್ರೆ ಎಣಿಸೋಕೂ ಸುಲಭ.

ಟ್ರೈಲರ್‌ಗೆ ತೂಕದ ಪ್ರಕಾರ 1,300 ಬರ್ತವೆ, ಆದ್ರೆ ಹಲಗೆ ಮಟ್ಟಕ್ಕೆ ಕೂರೋದು 82.5 × 14, ಅಂದ್ರೆ 1,155. ಹಲಗೆ ಮೇಲೆ ಇನ್ನೊಂದು ಸಾಲು ಏರಿಸಿ ಕಳಿಸ್ತಾರೆ, ಟಾರು ರೋಡಲ್ಲಿ ನಡೀತದೆ, ನಾಲೆ ಪಕ್ಕದ ಗುಂಡಿ ರೋಡಲ್ಲಿ ಆ ಮೇಲಿನ ಸಾಲೇ ಮೊದಲು ಬೀಳೋದು. 1,100 ಅಂತ ಗಟ್ಟಿ ಮಾಡ್ಕೊಳ್ಳಿ, 12,000ಕ್ಕೆ 10.9, ಹನ್ನೊಂದು ಟ್ರಿಪ್. ಇಟ್ಟಿಗೆನ ಯಾವ ಗಾಡಿಯಿಂದ್ಲೂ ಟಿಪ್ ಮಾಡ್ಸಬೇಡಿ, ಕೈಯಿಂದ ಇಳಿಸ್ಬೇಕು, ಇಳಿಸೋ ಕೂಲಿ ಯಾರದು ಅಂತ ಮೊದಲೇ ಮಾತಾಡ್ಕೊಳ್ಳಿ.

ದಾರಿ ನೋಡಿ ಗಾಡಿ ಆರಿಸಿ

ಈಗ ನಮ್ಮ ಕೇಸಿನ ಮೋರಿಗೆ ಬರೋಣ. ಕ್ರಷರ್‌ನಿಂದ ಮೇನ್ ರೋಡ್‌ವರೆಗೆ ಎಂಥ ಗಾಡಿ ಬೇಕಾದ್ರೂ ಬರ್ತದೆ. ಅಲ್ಲಿಂದ ಒಳಗೆ ಮೋರಿ ಅಗಲ ಕಮ್ಮಿ, ಪಕ್ಕದ ಕಲ್ಲು ಕಿತ್ತಿದೆ. ಕಬ್ಬಿನ ಗಾಡಿ ಓಡಾಡ್ತವಲ್ಲ ಅಂತ ಧೈರ್ಯ ಮಾಡೋರಿದ್ದಾರೆ, ಆದ್ರೆ ಕಬ್ಬಿನ ಟ್ರ್ಯಾಕ್ಟರ್ ಭಾರ ಬೇರೆ, ತುಂಬಿದ ಟಿಪ್ಪರ್‌ನ ಹಿಂದಿನ ಆಕ್ಸಲ್ ಒಂದೇ ಕಡೆ ಒತ್ತೋ ಭಾರ ಬೇರೆ. ಅದಕ್ಕೆ ಇಲ್ಲಿ ಎರಡು ಹಂತ ಮಾಡ್ಬೇಕು, ಮೇನ್ ರೋಡ್ ಪಕ್ಕ ಒಂದು ಖಾಲಿ ಜಾಗ ಕೇಳ್ಕೊಂಡು ಅಲ್ಲಿಗೆ ಟಿಪ್ಪರ್, ಅಲ್ಲಿಂದ ಒಳಕ್ಕೆ ಟ್ರ್ಯಾಕ್ಟರ್. ಮೈಸೂರಿನ ಹಳೇ ಅಗ್ರಹಾರದ ಕ್ರಾಸ್‌ಗಳಲ್ಲಿ ಮನೆ ರಿಪೇರಿ ಮಾಡಿಸೋರಿಗೂ ಇದೇ ಪರಿಸ್ಥಿತಿ ಬರ್ತದೆ, ಅಲ್ಲಿ ಮೋರಿ ಬದಲು ಗಲ್ಲಿ ಅಗಲ ಮತ್ತೆ ಕರೆಂಟ್ ವೈರು, ಟಿಪ್ಪರ್ ಬಾಡಿ ಎತ್ತಿದಾಗ ವೈರಿಗೆ ತಗಲ್ತದಾ ಅಂತ ತಲೆ ಎತ್ತಿ ನೋಡ್ಲೇಬೇಕು.

ಮೇನ್ ರೋಡ್‌ಗಷ್ಟೇ ಬರೋದಾದ್ರೆ ಆರು ಚಕ್ರದ್ದೇ ಯಾಕೆ, ಹತ್ತು ಚಕ್ರದ್ದು ಕರ್ಸಬಹುದು. ಅದ್ರ ಆರ್‌ಸಿಯಲ್ಲಿ ಗ್ರಾಸ್ 28,000, ಖಾಲಿ 11,500 ಇದ್ರೆ 16,500 ಕೆಜಿ ತರ್ತದೆ. ಒದ್ದೆ ಸೇರಿ 61.5 ಟನ್ ಮರಳಿಗೆ 3.73, ಅಂದ್ರೆ 4 ಟ್ರಿಪ್, ತಲಾ 15.4 ಟನ್. ಜಲ್ಲಿ 40 ಟನ್‌ಗೆ 2.42, ಅಂದ್ರೆ 3 ಟ್ರಿಪ್, ತಲಾ 13.3 ಟನ್. ದೊಡ್ಡ ಗಾಡಿ ಲಾಭನಾ ಅಂತ ನೋಡೋಕೆ ಒಂದು ಟ್ರಿಪ್ ಬಾಡಿಗೆ ನೋಡ್ಬೇಡಿ, ಬಾಡಿಗೆಯನ್ನ ಟನ್‌ನಿಂದ ಭಾಗಿಸಿ ನೋಡಿ, ಎರಡು ಗಾಡಿಗೂ ಟನ್‌ಗೆ ಎಷ್ಟು ಬೀಳ್ತದೆ ಅಂತ ಅಕ್ಕಪಕ್ಕ ಇಟ್ಟಾಗ ಗೊತ್ತಾಗ್ತದೆ.

ಆಮೇಲೆ ಟ್ರ್ಯಾಕ್ಟರ್ ಟ್ರಿಪ್. ಮರಳು 61,500 ÷ 3,960, ಬರೋದು 15.5, ಅಂದ್ರೆ 16. ಜಲ್ಲಿ 40,000 ÷ 3,465, ಬರೋದು 11.5, ಅಂದ್ರೆ 12. ಇದ್ರಲ್ಲಿ ಒಂದು ಅನುಕೂಲ ನೋಡಿ, 4 ಟಿಪ್ಪರ್ ಮರಳಿಗೆ 16 ಟ್ರ್ಯಾಕ್ಟರ್, 3 ಟಿಪ್ಪರ್ ಜಲ್ಲಿಗೆ 12 ಟ್ರ್ಯಾಕ್ಟರ್, ಅಂದ್ರೆ ಯಾವ ಟಿಪ್ಪರ್ ಬಂದ್ರೂ ನಾಲ್ಕು ಟ್ರ್ಯಾಕ್ಟರ್‌ಗೆ ಖಾಲಿ. ಇಟ್ಟಿಗೆನ ಮಾತ್ರ ಈ ಎರಡು ಹಂತಕ್ಕೆ ಸೇರಿಸ್ಬೇಡಿ, ಎರಡು ಸಲ ಏರಿಸಿ ಇಳಿಸಿದ್ರೆ ಒಡಿಯೋದೂ ಎರಡರಷ್ಟು, ಕೂಲಿಯೂ ಎರಡರಷ್ಟು. ಹತ್ತಿರದ ಗೂಡಿನಿಂದ ನೇರ ಟ್ರ್ಯಾಕ್ಟರ್‌ನಲ್ಲೇ 11 ಟ್ರಿಪ್ ತರಿಸಿ.

ದಿನಕ್ಕೆ ಎಷ್ಟು ಟಿಪ್ಪರ್ ಕರೀಬೇಕು ಅನ್ನೋದು ಟ್ರ್ಯಾಕ್ಟರ್ ವೇಗದ ಮೇಲೆ ನಿಂತಿದೆ. ಜೆಸಿಬಿಯಲ್ಲಿ ತುಂಬೋಕೆ 10 ನಿಮಿಷ, ಭಾರ ಹೊತ್ತು 3 ಕಿಲೋಮೀಟರ್ ಹೋಗೋಕೆ 15ರಿಂದ 18, ಸುರಿದು ತಿರುಗಿಸೋಕೆ 5, ಖಾಲಿ ವಾಪಸ್ 12, ಒಟ್ಟು 45 ನಿಮಿಷ ಹಿಡೀರಿ. ಊಟ ಕಾಫಿ ಬಿಟ್ಟು ಏಳು ಗಂಟೆ ಕೆಲಸ ಅಂದ್ರೆ 9 ಟ್ರಿಪ್ ಆಗಬಹುದು. ದಿನಕ್ಕೆ ಎರಡು ಟಿಪ್ಪರ್ ಕರೆದ್ರೆ 8 ಟ್ರ್ಯಾಕ್ಟರ್ ಟ್ರಿಪ್, ಸಂಜೆಗೆ ರೋಡ್ ಪಕ್ಕ ಖಾಲಿ. ಏಳು ಟಿಪ್ಪರ್ ಅಂದ್ರೆ ನಾಲ್ಕು ದಿನ. ಒಂದೇ ದಿನ ನಾಲ್ಕೈದು ಟಿಪ್ಪರ್ ಸುರಿಸಿಬಿಟ್ರೆ ರಾತ್ರಿ ರಾಶಿ ರೋಡ್ ಪಕ್ಕ ಮಲಗ್ತದೆ, ಮಳೆ ಬಂದ್ರೆ ಕೊಚ್ಚಿ ಹೋಗ್ತದೆ, ಕತ್ತಲಲ್ಲಿ ಬರೋ ಗಾಡಿಗೂ ಅಪಾಯ.

ಜೆಸಿಬಿ ಮುಂದಿನ ಬಕೆಟ್ ಸುಮಾರು ಒಂದು ಕ್ಯೂಬಿಕ್ ಮೀಟರ್, ಅಂದ್ರೆ 35 ಸಿಎಫ್‌ಟಿ. ನಮ್ಮ ಟ್ರೈಲರ್‌ಗೆ ಎರಡು ಬಕೆಟ್ ಫುಲ್, ಮೂರನೇದು ಮೂರರಲ್ಲಿ ಒಂದು ಭಾಗದಷ್ಟು. ಆಪರೇಟರ್‌ಗೆ ಇದನ್ನ ಮೊದಲೇ ಹೇಳಿ, ಇಲ್ಲ ಅಂದ್ರೆ ಮೂರನೇದೂ ಫುಲ್ ಹಾಕ್ತಾರೆ, ಟ್ರೈಲರ್ ಐದು ಟನ್ ಆಗ್ತದೆ. ಭಾರ ಟ್ರೈಲರ್ ಮಧ್ಯಕ್ಕೆ, ಚೂರು ಮುಂದಕ್ಕೆ ಇರ್ಬೇಕು. ಎರಡು ಚಕ್ರದ ಟ್ರೈಲರ್‌ನಲ್ಲಿ ಭಾರ ಹಿಂದೆ ಬಿದ್ರೆ ಕೊಂಡಿ ಮೇಲಕ್ಕೆ ಎತ್ತಿ ಟ್ರ್ಯಾಕ್ಟರ್ ಹಿಂದಿನ ಚಕ್ರದ ಹಿಡಿತ ತಪ್ತದೆ, ತೀರಾ ಮುಂದೆ ಬಿದ್ರೆ ಏರಿನಲ್ಲಿ ಮುಂದಿನ ಚಕ್ರ ನೆಲ ಬಿಡ್ತದೆ.

ರಾಶಿ ಹಾಕೋ ಜಾಗಕ್ಕೆ ಮೊದಲೇ ಹಳೇ ಟಾರ್ಪಲ್ಲೋ ತೆಳು ಪದರ ಜಲ್ಲಿ ಪುಡಿಯೋ ಹಾಕಿಸಿ. ಬರೀ ಮಣ್ಣಿನ ಮೇಲೆ ಸುರಿದ ಮರಳನ್ನ ಜೆಸಿಬಿ ಎತ್ತೋವಾಗ ಕೊನೆಯ ಎರಡು ಮೂರು ಇಂಚು ಮಣ್ಣು ಸೇರ್ಕೊಂಡು ಬರ್ತದೆ, ಅದನ್ನ ಗಾರೆಗೆ ಹಾಕೋಕಾಗಲ್ಲ.

ವೇಬ್ರಿಡ್ಜ್ ಸ್ಲಿಪ್ಪಿನಲ್ಲಿ ಏನು ನೋಡ್ಬೇಕು

ಇಷ್ಟೆಲ್ಲಾ ಲೆಕ್ಕ ನಿಲ್ಲೋದು ಸ್ಲಿಪ್ ಮೇಲೆ. ಸ್ಲಿಪ್ಪಲ್ಲಿ ಗ್ರಾಸ್, ಟೇರ್, ನೆಟ್ ಅಂತ ಮೂರು ಇರ್ತವೆ, ತುಂಬಿದ ಗಾಡಿ, ಖಾಲಿ ಗಾಡಿ, ಬರೀ ಸಾಮಾನು. ಕೆಲವು ಕಡೆ ಖಾಲಿ ತೂಕವನ್ನ ಪ್ರತಿ ಸಲ ತೂಗಲ್ಲ, ಹಿಂದೆ ಯಾವಾಗಲೋ ತೂಗಿದ್ದನ್ನ ಕಂಪ್ಯೂಟರ್‌ನಲ್ಲಿ ಹಾಕ್ಕೊಂಡಿರ್ತಾರೆ. ಟೇರ್ ಕಮ್ಮಿ ಬರ್ದಿದ್ರೆ ನೆಟ್ ಜಾಸ್ತಿ ಕಾಣ್ತದೆ, ಅಷ್ಟು ಮರಳು ಬರದೇನೇ ದುಡ್ಡು ಹೋಗ್ತದೆ. ಡೀಸೆಲ್ ಟ್ಯಾಂಕ್ ಖಾಲಿ ಇದ್ದಾಗ ಟೇರ್ ತೂಗಿ, ತುಂಬಿಸ್ಕೊಂಡು ಗ್ರಾಸ್ ತೂಗಿದ್ರೂ ನೂರು ಕೆಜಿಗೂ ಮೇಲೆ ವ್ಯತ್ಯಾಸ ಬರಬಹುದು. ಅದಕ್ಕೆ ಎರಡು ತೂಕಕ್ಕೂ ಅವತ್ತಿನ ದಿನಾಂಕ ಮತ್ತೆ ಟೈಮ್ ಇದೆಯಾ ನೋಡಿ, ಗಾಡಿ ನಂಬರ್ ಹೊಂದುತ್ತಾ ನೋಡಿ, ಟೇರ್ ಆರ್‌ಸಿಯ ಖಾಲಿ ತೂಕಕ್ಕಿಂತ ಕಮ್ಮಿ ಇದ್ರೆ ಅಲ್ಲೇ ಕೇಳಿ. ಬಾಡಿಯಲ್ಲಿ ಅಂಟ್ಕೊಂಡಿರೋ ಮಣ್ಣು, ಡೀಸೆಲ್ಲು, ಸ್ಟೆಪ್ನಿ, ಡ್ರೈವರ್ ಎಲ್ಲಾ ಸೇರಿ ಟೇರ್ ಆರ್‌ಸಿಗಿಂತ ಸ್ವಲ್ಪ ಜಾಸ್ತಿ ಬರೋದೇ ಸಹಜ, ಅಷ್ಟು ಕೆಜಿ ಸಾಮಾನು ಕಮ್ಮಿ ಹಾಕಿಸ್ಬೇಕಾಗ್ತದೆ.

ಟ್ರ್ಯಾಕ್ಟರ್ ತೂಗೋವಾಗ ಎಂಜಿನ್ ಸೇರಿಸಿ ಗ್ರಾಸ್ ತೂಗಿದ್ರೆ ಟೇರ್ ಕೂಡ ಎಂಜಿನ್ ಸೇರಿಸಿಯೇ ತೂಗ್ಬೇಕು, ಎಲ್ಲಾ ಚಕ್ರ ಪ್ಲಾಟ್‌ಫಾರಂ ಮೇಲೆ ಇರ್ಬೇಕು. ಸಣ್ಣ ವೇಬ್ರಿಡ್ಜ್‌ನಲ್ಲಿ ಮುಂದಿನ ಚಕ್ರ ಹೊರಗೆ ನಿಂತಿರೋದು ಒಂದು ಸಲ ಇಳಿದು ಸುತ್ತ ನೋಡಿದ್ರೆ ಕಾಣ್ತದೆ.

ಸೈಟಲ್ಲಿ ಒಂದು ನೋಟ್‌ಬುಕ್ ಇಟ್ಟು ಪ್ರತಿ ಗಾಡಿಗೂ ದಿನಾಂಕ, ಗಾಡಿ ನಂಬರ್, ನೆಟ್ ಕೆಜಿ, ಅಲ್ಲಿವರೆಗಿನ ಒಟ್ಟು ಕೆಜಿ ಬರೀತಾ ಹೋಗಿ. ನಾಲ್ಕು ಟಿಪ್ಪರ್ ಮರಳಲ್ಲಿ ಮೂರು ಬಂದ್ಮೇಲೆ ಒಟ್ಟು 46.2 ಟನ್ ಇರ್ಬೇಕು, ಇದ್ರೆ ನಾಲ್ಕನೇದು 15.3 ಟನ್‌ಗೆ ಹೇಳಿ. 43 ಟನ್ ಮಾತ್ರ ಬಂದಿದ್ರೆ ಬಾಕಿ 18.5 ಟನ್, ಅದು ಒಂದು ಗಾಡಿಗೆ ಹಿಡಿಸಲ್ಲ, ಐದನೇ ಟ್ರಿಪ್ ಬೇಕು ಅಂತ ಮೂರನೇ ಗಾಡಿ ಹೋದ ಕೂಡ್ಲೇ ಗೊತ್ತಾಗ್ತದೆ, ಕ್ರಷರ್‌ಗೆ ಅವತ್ತೇ ಫೋನ್ ಮಾಡಿ ಹೇಳಬಹುದು.